ಒಂದು ಗಂಟೆಯ ಮಾತು, ಒಂದು ಪುಟದ ಟಿಪ್ಪಣಿ

ತಿಂಗಳಿಗೊಮ್ಮೆ ಹತ್ತು ಹನ್ನೆರಡು ಜನ ಒಂದೇ ಪುಸ್ತಕ ಓದಿಕೊಂಡು ಬಂದು ಕೂತು ಮಾತಾಡುವ ಓದು ಬಳಗಗಳು ಈಗ ಅನೇಕ ಊರುಗಳಲ್ಲಿವೆ. ಓದಿದ ಪುಸ್ತಕದ ಲೇಖಕರು ಎಲ್ಲೋ ಯಾವಾಗಲೋ ಕೊಟ್ಟ ಸಂದರ್ಶನವೊಂದು ಯೂಟ್ಯೂಬಿನಲ್ಲೋ ಆಕಾಶವಾಣಿಯ ಹಳೆಯ ಕಾರ್ಯಕ್ರಮದ ರೂಪದಲ್ಲೋ ಸಿಕ್ಕಿಬಿಟ್ಟರೆ ಬಳಗಕ್ಕೆ ಖುಷಿ. ಅದನ್ನು ಎಲ್ಲರಿಗೂ ಕಳಿಸಿ, ಕೇಳಿಕೊಂಡು ಬನ್ನಿ ಎನ್ನುತ್ತಾರೆ. ಕೇಳಿಕೊಂಡು ಬರುವವರು ಇಬ್ಬರೋ ಮೂವರೋ. ಉಳಿದವರಿಗೆ ಪುಸ್ತಕ ಓದಿ ಮುಗಿಸುವುದೇ ಕಷ್ಟವಾಗಿರುತ್ತದೆ. ಹಾಗಾಗಿ ಬಳಗದಲ್ಲಿ ಒಬ್ಬರು ಆ ಒಂದು ಗಂಟೆಯ ಮಾತನ್ನು ಒಂದು ಪುಟಕ್ಕೆ ಇಳಿಸಿ, ಮುಖ್ಯ ವಿಚಾರಗಳನ್ನೂ ಚರ್ಚೆಗೆ ನಾಲ್ಕಾರು ಪ್ರಶ್ನೆಗಳನ್ನೂ ಬರೆದು ತರುವ ಕೆಲಸ ವಹಿಸಿಕೊಳ್ಳುತ್ತಾರೆ.

ಈ ಪುಟ ಹೆಚ್ಚಾಗಿ ಹೇಗಿರುತ್ತದೆ? ಲೇಖಕರು ಹುಟ್ಟಿದ ಊರು, ಓದಿದ ಕಾಲೇಜು, ಬಂದ ಪ್ರಶಸ್ತಿಗಳು, ಕಾದಂಬರಿ ಬರೆಯಲು ಸಿಕ್ಕ ಪ್ರೇರಣೆ, ಯುವ ಬರಹಗಾರರಿಗೆ ಹೇಳಿದ ಕಿವಿಮಾತು. ಕೊನೆಗೆ, ‘ಈ ಕೃತಿ ನಿಮಗೆ ಏನು ಹೇಳಿತು?’ ಎಂಬ ಪ್ರಶ್ನೆ. ಇದರಲ್ಲಿ ತಪ್ಪು ಮಾಹಿತಿ ಇಲ್ಲದಿರಬಹುದು. ಆದರೆ ಇದನ್ನು ಓದಿದವರಿಗೆ ಪುಸ್ತಕ ಮತ್ತೆ ತೆರೆದು ನೋಡಬೇಕು ಅನ್ನಿಸುವುದಿಲ್ಲ. ಚರ್ಚೆಯೂ ಲೇಖಕರು ಹೇಳಿದ್ದನ್ನು ಒಪ್ಪಿ ತಲೆಯಾಡಿಸುವಲ್ಲಿಗೆ ಮುಗಿಯುತ್ತದೆ. ಸಂದರ್ಶನದ ಸಾರ ಪುಸ್ತಕಕ್ಕೆ ಬರೆದ ಕೀಲಿಕೈ ಆಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಲೇಖಕರೂ ಬಳಗದ ಜತೆ ಬಂದು ಕೂತ ಇನ್ನೊಬ್ಬ ಓದುಗರಾಗಬೇಕು. ಅವರು ಎಲ್ಲರಿಗಿಂತ ಹೆಚ್ಚು ಬಲ್ಲವರು ನಿಜ, ಆದರೂ ಅವರ ಮಾತಿಗೆ ಪುಸ್ತಕದ ಪುಟ ತೋರಿಸಿ ‘ಇಲ್ಲಿ ಹಾಗಿಲ್ಲವಲ್ಲ’ ಎನ್ನಲು ಉಳಿದವರಿಗೆ ಅವಕಾಶ ಇರಬೇಕು. ಅಂಥ ಟಿಪ್ಪಣಿ ತಯಾರಾಗುವುದು ಹೇಗೆಂದು ಎಲ್ಲರಿಗೂ ಪರಿಚಿತವಾದ ಒಂದು ಕಾದಂಬರಿಯನ್ನೇ ಇಟ್ಟುಕೊಂಡು ನೋಡೋಣ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’.

1965ರಲ್ಲಿ ಬಂದ ಈ ಕಾದಂಬರಿಯ ಬಗ್ಗೆ ಅನಂತಮೂರ್ತಿ 2014ರಲ್ಲಿ ತೀರಿಕೊಳ್ಳುವವರೆಗೂ ಮಾತಾಡುತ್ತಲೇ ಇದ್ದರು. ಯಾವ ಸಂದರ್ಶನ ತೆಗೆದರೂ ಅದು ಹುಟ್ಟಿದ ಕಥೆ ಬರುವ ಸಾಧ್ಯತೆ ಹೆಚ್ಚು. ಅವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ದಿನಗಳು. ಅಲ್ಲಿ ಪಾಠ ಮಾಡುತ್ತಿದ್ದ, ಮುಂದೆ ಕಾದಂಬರಿಕಾರರಾಗಿ ಹೆಸರು ಮಾಡಿದ ಮಾಲ್ಕಂ ಬ್ರಾಡ್‌ಬರಿಯವರ ಜತೆ ಇಂಗ್ಮಾರ್ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಸಿನಿಮಾ ನೋಡುತ್ತಾರೆ. 1957ರ ಈ ಸ್ವೀಡಿಷ್ ಚಿತ್ರದಲ್ಲಿ ಮಧ್ಯಯುಗದ ಯೋಧನೊಬ್ಬ ಪ್ಲೇಗು ಹಬ್ಬಿದ ನಾಡಿಗೆ ಮರಳಿ ಸಾವಿನೊಡನೆ ಚದುರಂಗ ಆಡುತ್ತಾನೆ. ಸಿನಿಮಾ ಮುಗಿದ ಮೇಲೆ ಇಬ್ಬರ ನಡುವೆ ನಡೆದ ಮಾತಿನ ತಿರುಳು ಇದು: ಯೂರೋಪಿನವರು ಮಧ್ಯಯುಗವನ್ನು ಓದಿ, ಊಹಿಸಿ ಕಟ್ಟಿಕೊಳ್ಳಬೇಕು, ಮಲೆನಾಡಿನ ಅಗ್ರಹಾರದಿಂದ ಬಂದವನಿಗೆ ಅದು ಊರಲ್ಲಿ ಇನ್ನೂ ಬದುಕಿಯೇ ಇದೆ, ಬೇರೆ ಬೇರೆ ಕಾಲಗಳು ಅಲ್ಲಿ ಒಟ್ಟಿಗೇ ಇವೆ. ಅದನ್ನೇ ಬರೆಯಬಾರದೇಕೆ ಎಂಬಲ್ಲಿಗೆ ಮಾತು ಮುಟ್ಟಿತು, ಅಲ್ಲಿಂದ ಕಾದಂಬರಿ ಶುರುವಾಯಿತು. ಇದು ಅವರು ಮತ್ತೆ ಮತ್ತೆ ಹೇಳುತ್ತಿದ್ದ ಕಥೆ. ಇದರ ಜತೆಗೆ ಬಾಲ್ಯದಲ್ಲಿ ತೀರ್ಥಹಳ್ಳಿ ಸೀಮೆಯಲ್ಲಿ ಕಂಡ ಪ್ಲೇಗಿನ ನೆನಪೂ ಬರುತ್ತಿತ್ತು.

ಈಗ ಬಳಗಕ್ಕೆ ಸಿಕ್ಕಿದ ರೆಕಾರ್ಡಿಂಗ್‌ನಲ್ಲಿ ಈ ಕಥೆ ಇದೆ ಎಂದುಕೊಳ್ಳೋಣ. ಕೆಲಸ ಕೇಳುವುದರಿಂದ ಶುರುವಾಗುತ್ತದೆ. ಪೆನ್ನು ಹಿಡಿಯದೆ ಒಮ್ಮೆ ಪೂರ್ತಿ ಕೇಳಬೇಕು. ಇದನ್ನು ಬಿಟ್ಟು ಮೊದಲ ನಿಮಿಷದಿಂದಲೇ ಬರೆಯಲು ಕೂತವರ ಟಿಪ್ಪಣಿಯಲ್ಲಿ ಮೊದಲ ಇಪ್ಪತ್ತು ನಿಮಿಷಕ್ಕೆ ಮುಕ್ಕಾಲು ಪುಟ, ಉಳಿದ ನಲವತ್ತು ನಿಮಿಷಕ್ಕೆ ಕಾಲು ಪುಟ ಸಿಕ್ಕಿರುತ್ತದೆ. ಸಂದರ್ಶನದ ಮೊದಲ ಇಪ್ಪತ್ತು ನಿಮಿಷ ಸಾಮಾನ್ಯವಾಗಿ ಹುಟ್ಟು, ಬಾಲ್ಯ, ವಿದ್ಯಾಭ್ಯಾಸಕ್ಕೆ ಹೋಗುತ್ತದೆ. ಲೇಖಕರು ಮೈಚಳಿ ಬಿಟ್ಟು ಮಾತಾಡುವುದು ಆಮೇಲೆ. ಹೀಗೆ ಪೀಠಿಕೆಯೇ ಸಾರವಾಗಿಬಿಡುತ್ತದೆ. ಟಿಪ್ಪಣಿಯ ಅರ್ಧ ಭಾಗ ಬರೀ ಊರು, ಇಸವಿ, ಪ್ರಶಸ್ತಿಗಳಿಂದ ತುಂಬಿದ್ದರೆ ಹೀಗಾಗಿದೆ ಎಂದೇ ತಿಳಿಯಬೇಕು.

ಎರಡನೆಯ ಸಲ ಕೇಳುವಾಗ ಬರೆದುಕೊಳ್ಳಬೇಕು. ಎಲ್ಲವನ್ನೂ ಅಕ್ಷರಕ್ಕಿಳಿಸುವ ಅಗತ್ಯವಿಲ್ಲ. ಒಂದು ಗಂಟೆಯ ಮಾತನ್ನು ಒಂದಕ್ಷರ ಬಿಡದೆ ಬರೆಯಲು ಪಳಗಿದವರಿಗೂ ನಾಲ್ಕು ಗಂಟೆ ಹಿಡಿಯುತ್ತದೆ, ಹೊಸಬರಿಗೆ ಇನ್ನೂ ಹೆಚ್ಚು. ಬರೆದದ್ದು ಅಚ್ಚಿನ ಇಪ್ಪತ್ತು ಪುಟ ದಾಟುತ್ತದೆ. ಓದು ಬಳಗಕ್ಕೆ ಬೇಕಾಗಿರುವುದು ಅದಲ್ಲ. ಹಾಳೆಯ ಎಡಬದಿಗೆ ನಿಮಿಷ ಮತ್ತು ಸೆಕೆಂಡು, ನಡುವೆ ಸಂದರ್ಶಕರು ಕೇಳಿದ್ದು, ಬಲಕ್ಕೆ ಲೇಖಕರು ಹೇಳಿದ್ದರ ಒಂದು ಸಾಲು. ಇಷ್ಟು ಸಾಕು. ಲೇಖಕರ ಬಾಯಿಂದ ಬಂದ ಹಾಗೆಯೇ ಉಳಿಸಿಕೊಳ್ಳಬೇಕೆನಿಸಿದ ಮಾತು ಬಂದಾಗ ಮಾತ್ರ ನಿಲ್ಲಿಸಿ, ಹಿಂದೆ ಹೋಗಿ, ಅಕ್ಷರಶಃ ಬರೆದುಕೊಂಡು ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಬೇಕು. ಚಿಹ್ನೆಯನ್ನು ಅಲ್ಲೇ, ಆಗಲೇ ಹಾಕುವುದು ಮುಖ್ಯ. ಎರಡು ದಿನ ಬಿಟ್ಟು ಹಾಳೆ ನೋಡಿದಾಗ ಯಾವುದು ಲೇಖಕರ ಮಾತು, ಯಾವುದು ಬರೆದುಕೊಂಡವರ ಮಾತು ಎಂದು ಬರೆದುಕೊಂಡವರಿಗೇ ಗೊತ್ತಾಗುವುದಿಲ್ಲ.

ಬಹಳ ಜನ ಆ ನಡುವಿನ ಕಾಲಮ್ಮನ್ನು ಬಿಟ್ಟುಬಿಡುತ್ತಾರೆ. ಸಂದರ್ಶಕರ ಪ್ರಶ್ನೆ ನಮಗೇಕೆ, ಲೇಖಕರ ಉತ್ತರ ಸಾಕಲ್ಲ ಅನ್ನಿಸುತ್ತದೆ. ಆದರೆ ಮಾತಿನಲ್ಲಿ ಉತ್ತರ ಅರ್ಧ ಪ್ರಶ್ನೆಯೊಳಗೇ ಇರುತ್ತದೆ. ಒಬ್ಬ ಕಾದಂಬರಿಕಾರರನ್ನು ಸಂದರ್ಶಕರು, ‘ಇದನ್ನು ಸಂಪ್ರದಾಯದ ವಿರುದ್ಧದ ಬಂಡಾಯ ಅಂತ ಓದಬಹುದಲ್ವಾ ಸರ್?’ ಎಂದು ಕೇಳಿದರು, ಅವರು, ‘ಹ್ಞಾ… ಹಾಗೂ ಓದಬಹುದು. ನಾನು ಬರೆಯೋವಾಗ ಅದು ಅಷ್ಟಾಗಿ ತಲೇಲಿ ಇರಲಿಲ್ಲ ಅಂತ ಕಾಣುತ್ತೆ’ ಎಂದರು ಎಂದುಕೊಳ್ಳಿ. ಅವಸರದ ಟಿಪ್ಪಣಿಯಲ್ಲಿ ಇದು, ‘ತಮ್ಮ ಕಾದಂಬರಿ ಸಂಪ್ರದಾಯದ ವಿರುದ್ಧದ ಬಂಡಾಯ ಎನ್ನುತ್ತಾರೆ ಲೇಖಕರು’ ಎಂದಾಗಿರುತ್ತದೆ. ‘ಬಂಡಾಯ’ ಎಂಬ ಮಾತು ಲೇಖಕರದ್ದೇ ಅಲ್ಲ. ಅವರು ಮಾಡಿದ್ದು ಮರ್ಯಾದೆಗೆ ಒಪ್ಪಿಕೊಂಡು ಮೆಲ್ಲಗೆ ದೂರ ಸರಿದದ್ದು. ಸರಿಯಾದ ಸಾಲು ಹೀಗಿರಬೇಕು: ‘ಬಂಡಾಯ ಎಂಬ ಓದನ್ನು ಸಂದರ್ಶಕರು ಮುಂದಿಟ್ಟರು. ಲೇಖಕರು ತಳ್ಳಿಹಾಕಲಿಲ್ಲ, ಆದರೆ ಬರೆಯುವಾಗ ಅದು ಮನಸ್ಸಿನಲ್ಲಿರಲಿಲ್ಲವೇನೋ ಎಂದರು.’ ಸ್ವಲ್ಪ ಉದ್ದವಾಯಿತು ನಿಜ. ಆದರೆ ಈ ಸಾಲಿನಿಂದ ಚರ್ಚೆ ಹುಟ್ಟುತ್ತದೆ. ಬರೆದವರಿಗೆ ಹೊಳೆಯದ್ದು ಓದಿದವರಿಗೆ ಕಂಡದ್ದು ಹೇಗೆ, ಅದು ಪುಸ್ತಕದ ಯಾವ ಪುಟದಲ್ಲಿದೆ ಎಂದು ಹುಡುಕಲು ದಾರಿಯಾಗುತ್ತದೆ. ಮೊದಲ ಸಾಲಿನಿಂದ ಏನೂ ಹುಟ್ಟುವುದಿಲ್ಲ.

ಮೇಲಿನ ಉದಾಹರಣೆಯಲ್ಲೇ ಇನ್ನೊಂದು ಅಪಾಯವೂ ಇದೆ. ‘ಅಂತ ಕಾಣುತ್ತೆ’, ‘ಇರಬಹುದು’, ‘ಈಗ ಯೋಚಿಸಿದರೆ ಅನ್ನಿಸುತ್ತೆ’ ಎಂಬ ಮಾತುಗಳು ಸಾರ ಬರೆಯುವಾಗ ಎಲ್ಲಕ್ಕಿಂತ ಮೊದಲು ಉದುರಿಹೋಗುತ್ತವೆ. ಅವು ಮಾತಿನ ತೊದಲು ಎಂದು ತೋರುತ್ತವೆ. ಕೆಲವು ನಿಜಕ್ಕೂ ತೊದಲೇ. ‘ಅಂದ್ರೆ’, ‘ಏನಪ್ಪಾ ಅಂದ್ರೆ’, ‘ನೋಡಿ’ ಎನ್ನುವುದನ್ನು ಧಾರಾಳವಾಗಿ ಬಿಡಬಹುದು. ಖಾತ್ರಿಯ ಅಳತೆ ಹೇಳುವ ಮಾತುಗಳನ್ನು ಮಾತ್ರ ಬಿಡುವಂತಿಲ್ಲ. ಅನುಮಾನ ಬಂದರೆ ಒಂದು ಪರೀಕ್ಷೆ ಇದೆ. ಆ ಮಾತನ್ನು ತೆಗೆದು ವಾಕ್ಯ ಓದಿ ನೋಡಬೇಕು. ಲೇಖಕರು ಹೇಳಿದ್ದಕ್ಕಿಂತ ಜೋರಾಗಿ ಹೇಳಿದಂತೆ ಕೇಳಿದರೆ ಅದು ತೊದಲಲ್ಲ, ಅದನ್ನು ವಾಪಸ್ ಹಾಕಬೇಕು.

ಕೇಳಿ ಬರೆದುಕೊಂಡಾಯಿತು. ಹಾಳೆಯಲ್ಲಿ ಮೂವತ್ತು ನಲವತ್ತು ಸಾಲುಗಳಿವೆ. ಇವನ್ನು ಮುಖ್ಯ ವಿಚಾರಗಳಾಗಿ ಮಾಡುವಾಗ ಮೊದಲು ಬಿಡಬೇಕಾದ್ದು ಸಮಯದ ಸಾಲುಗಟ್ಟನ್ನು. ಮಾತು ನೆಟ್ಟಗೆ ನಡೆಯುವುದಿಲ್ಲ. 12ನೇ ನಿಮಿಷದಲ್ಲಿ ಸಿನಿಮಾದ ಕಥೆ ಬಂತು, 31ರಲ್ಲಿ ಸಂದರ್ಶಕರು ಆಧುನಿಕತೆಯ ಬಗ್ಗೆ ಕೇಳಿದಾಗ ಲೇಖಕರು ತಮ್ಮೂರಿನ ಮಾತು ತೆಗೆದರು, 50ರಲ್ಲಿ ಕನ್ನಡದಲ್ಲೇ ಏಕೆ ಬರೆಯುತ್ತೀರಿ ಎಂದಾಗ ಮನೆಯ ಹಿತ್ತಲು, ಅಮ್ಮನ ಮಾತು ಎಂದರು ಎಂದುಕೊಳ್ಳಿ. ಮೇಲ್ನೋಟಕ್ಕೆ ಮೂರು ಬೇರೆ ವಿಷಯಗಳು. ಒಟ್ಟಿಗೆ ಇಟ್ಟು ನೋಡಿದರೆ ಮೂರರಲ್ಲೂ ಒಂದೇ ವಿಚಾರ ಮತ್ತೆ ಮತ್ತೆ ಬಂದು ತಟ್ಟುತ್ತಿದೆ: ಹಳೆಯದು ಕಳೆದುಹೋಗಿ ಹೊಸದು ಬರುವುದಿಲ್ಲ, ಎರಡೂ ಒಂದೇ ಮನೆಯಲ್ಲಿ, ಒಬ್ಬನೇ ಮನುಷ್ಯನಲ್ಲಿ ಜತೆಯಾಗಿರುತ್ತವೆ. ಒಂದೇ ವಿಚಾರದ ಸಾಲುಗಳಿಗೆ ಒಂದೇ ಬಣ್ಣದ ಗುರುತು ಹಾಕುತ್ತಾ ಹೋದರೆ ಇದು ಕಣ್ಣಿಗೆ ಕಾಣುತ್ತದೆ. ಲೇಖಕರು ಕೇಳದೆಯೇ ತಾವಾಗಿ ಮರಳಿದ ವಿಚಾರಕ್ಕೆ ಹೆಚ್ಚಿನ ತೂಕ. ಸಂದರ್ಶಕರು ನಾಲ್ಕು ಸಲ ಎಳೆದು ತಂದ ವಿಚಾರ ಸಂದರ್ಶಕರದ್ದು, ಅದು ಹಾಳೆಯಲ್ಲಿ ಎಷ್ಟೇ ಜಾಗ ತುಂಬಿದ್ದರೂ.

ಇಲ್ಲಿ ಘಟನೆಯನ್ನೂ ವಿಚಾರವನ್ನೂ ಬೇರೆ ಮಾಡಿ ನೋಡಬೇಕಾಗುತ್ತದೆ. ಇಡೀ ಕೆಲಸದಲ್ಲಿ ಕಷ್ಟದ್ದು ಇದೇ ಎನ್ನುವುದು ನನ್ನ ಅನುಭವ. ‘ಬರ್ಗ್‌ಮನ್‌ನ ಸಿನಿಮಾ ನೋಡಿದ್ದರಿಂದ ಸಂಸ್ಕಾರ ಹುಟ್ಟಿತು’ ಎಂಬುದು ಘಟನೆ. ಎಲ್ಲರಿಗೂ ನೆನಪಿರುತ್ತದೆ, ಹೇಳಲು ರಂಜಕವಾಗಿದೆ. ಆದರೆ ಅದರ ಮೇಲೆ ಚರ್ಚೆ ಮಾಡಲು ಏನಿದೆ? ‘ಹೌದಾ, ಗೊತ್ತಿರಲಿಲ್ಲ’ ಎಂದು ಒಬ್ಬರು ಹೇಳಬಹುದು, ಅಷ್ಟೆ. ಘಟನೆಯ ಒಳಗಿರುವ ವಿಚಾರವನ್ನು ಒಂದು ಪೂರ್ಣ ವಾಕ್ಯವಾಗಿ ಬರೆದು ನೋಡಿ: ‘ಯೂರೋಪಿಗೆ ಕಳೆದುಹೋದ ಕಾಲವಾಗಿರುವ ಮಧ್ಯಯುಗ ತನ್ನ ಊರಿನಲ್ಲಿ ಇಂದಿನ ಜತೆಗೇ ಬದುಕಿದೆ, ಕಾದಂಬರಿಯ ವಸ್ತು ಅದೇ ಎನ್ನುತ್ತಾರೆ ಲೇಖಕರು.’ ಈ ವಾಕ್ಯಕ್ಕೆ ಒಬ್ಬರು ಹೌದೆನ್ನಬಹುದು, ಇನ್ನೊಬ್ಬರು ಅಲ್ಲವೆನ್ನಬಹುದು. ಇಬ್ಬರೂ ಪುಸ್ತಕ ತೆರೆಯಬೇಕಾಗುತ್ತದೆ. ಬರೀ ಒಂದೆರಡು ಪದದ ತಲೆಬರಹ, ಅಂದರೆ ‘ಆಧುನಿಕತೆ’, ‘ಜಾತಿ’, ‘ಬಾಲ್ಯದ ನೆನಪು’ ಎಂದು ಬರೆದರೆ ಅದು ವಿಚಾರವಲ್ಲ, ವಿಷಯದ ಹೆಸರು. ಪ್ರತಿ ವಿಚಾರಕ್ಕೂ ಕ್ರಿಯಾಪದವಿರುವ ಒಂದು ವಾಕ್ಯ ಬರೆಯಲೇಬೇಕು ಎಂದು ಪಟ್ಟು ಹಿಡಿದರೆ ಈ ತಪ್ಪು ತಾನಾಗಿ ನಿಲ್ಲುತ್ತದೆ. ಎರಡು ತಾಸಿನ ಬೈಠಕ್ಕಿಗೆ ಇಂಥ ಮೂರು ವಿಚಾರ ಸಾಕು, ನಾಲ್ಕಾದರೆ ಹೆಚ್ಚು. ಚೆನ್ನಾಗಿದ್ದೂ ಬಿಟ್ಟುಹೋಗುವುದು ಇದ್ದೇ ಇರುತ್ತದೆ. ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು.

ಪುಟದ ಮೇಲೆ ಎರಡು ಇಸವಿ ಇರಲೇಬೇಕು, ಪುಸ್ತಕ ಬಂದ ವರ್ಷ ಮತ್ತು ಸಂದರ್ಶನ ನಡೆದ ವರ್ಷ. 1965ರಲ್ಲಿ ಅನಂತಮೂರ್ತಿಗೆ ಮೂವತ್ತೆರಡು ಮೂವತ್ಮೂರು. ಆಗ ‘ಸಂಸ್ಕಾರ’ದ ಮೇಲೆ ಯಾವ ಚರ್ಚೆಯೂ ನಡೆದಿರಲಿಲ್ಲ. ಮುಂದೆ 1970ರಲ್ಲಿ ಗಿರೀಶ ಕಾರ್ನಾಡ್ ಪ್ರಾಣೇಶಾಚಾರ್ಯರ ಪಾತ್ರ ಮಾಡಿದ ಸಿನಿಮಾ ಬಂತು. 1976ರಲ್ಲಿ ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಬಂತು, ಜತೆಗೆ ಅನುವಾದಕರ ದೀರ್ಘ ಹಿನ್ನುಡಿಯೂ ಇತ್ತು. ಮರುವರ್ಷ ವಿ.ಎಸ್. ನೈಪಾಲ್ ಭಾರತದ ಕುರಿತ ತಮ್ಮ ಪುಸ್ತಕದಲ್ಲಿ ಈ ಕಾದಂಬರಿಯನ್ನು ತಮ್ಮದೇ ರೀತಿಯಲ್ಲಿ ಓದಿದರು. ಮೆಚ್ಚುಗೆ, ಟೀಕೆ, ಸಿಟ್ಟು, ಪಠ್ಯಪುಸ್ತಕ ಎಲ್ಲವನ್ನೂ ದಾಟಿ ಬಂದ ಮೇಲೆ ಲೇಖಕರು ಕೊಟ್ಟ ಸಂದರ್ಶನದಲ್ಲಿ ಮಾತಾಡುತ್ತಿರುವವರು ಬರೆದ ಯುವಕರು ಮಾತ್ರವಲ್ಲ, ತಮ್ಮ ಪುಸ್ತಕದ ಬಗ್ಗೆ ದಶಕಗಳ ಕಾಲ ಉತ್ತರ ಹೇಳಿದ ಹಿರಿಯರೂ ಹೌದು. ಪದೇ ಪದೇ ಹೇಳಿದ ಹುಟ್ಟಿನ ಕಥೆಗೆ ಹೇಳಿ ಹೇಳಿ ಒಂದು ನಯ ಬಂದಿರುತ್ತದೆ. ಅದು ಸುಳ್ಳು ಎಂದಲ್ಲ. ನೆನಪು ಕೆಲಸ ಮಾಡುವ ರೀತಿಯೇ ಹಾಗೆ. ಆದ್ದರಿಂದ ‘ಸಿನಿಮಾ ನೋಡಿ ಬರೆದರು’ ಎಂದು ನಮ್ಮ ಮಾತಾಗಿ ಬರೆಯದೆ ‘ಸಿನಿಮಾ ನೋಡಿದ ಮೇಲೆ ಬರೆದೆನೆಂದು ನೆನೆಯುತ್ತಾರೆ’ ಎಂದು ಬರೆಯುವುದು ಸರಿ.

ಇನ್ನು ಪ್ರಶ್ನೆಗಳು. ನಾನು ನೋಡಿದ ಟಿಪ್ಪಣಿಗಳಲ್ಲಿ ಎಲ್ಲಕ್ಕಿಂತ ಸೊರಗಿದ ಭಾಗ ಇದು. ಉತ್ತರ ಸಂದರ್ಶನದಲ್ಲೇ ಇರುವ ಪ್ರಶ್ನೆ ಪರೀಕ್ಷೆಯ ಪ್ರಶ್ನೆ. ‘ಸಂಸ್ಕಾರ ಬರೆಯಲು ಯಾವ ಸಿನಿಮಾ ಪ್ರೇರಣೆಯಾಯಿತು?’ ಎಂದು ಕೇಳಿದರೆ ಸಾರ ಓದಿಕೊಂಡು ಬಂದವರು ಕೈ ಎತ್ತುತ್ತಾರೆ, ಪುಸ್ತಕ ಓದಿಕೊಂಡು ಬಂದವರು ಸುಮ್ಮನಾಗುತ್ತಾರೆ. ಅದರ ಎದುರು ತುದಿಯಲ್ಲಿ ‘ಸಂಪ್ರದಾಯ ಮತ್ತು ಆಧುನಿಕತೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು?’ ಎಂಬಂಥ ಪ್ರಶ್ನೆ. ಇದಕ್ಕೆ ಪುಸ್ತಕ ಓದದವರೂ ಅರ್ಧ ಗಂಟೆ ಮಾತಾಡಬಲ್ಲರು, ಮಾತಾಡುತ್ತಾರೆ ಕೂಡ. ಇವೆರಡರ ನಡುವೆ ಇರುವುದು ನಮಗೆ ಬೇಕಾದ ಪ್ರಶ್ನೆ. ಅದರಲ್ಲಿ ಲೇಖಕರ ಒಂದು ಮಾತು ಇರಬೇಕು, ಪುಸ್ತಕದ ಒಂದು ನಿರ್ದಿಷ್ಟ ಜಾಗ ಇರಬೇಕು, ಇವೆರಡು ಸುಲಭವಾಗಿ ಹೊಂದಿಕೊಳ್ಳಬಾರದು.

ಕಾಲಗಳು ಒಟ್ಟಿಗಿವೆ ಎಂಬ ವಿಚಾರವನ್ನೇ ತೆಗೆದುಕೊಳ್ಳೋಣ. ಕಾದಂಬರಿಯ ಮೊದಲ ಭಾಗದಲ್ಲಿ ದೂರ್ವಾಸಪುರದ ಅಗ್ರಹಾರ, ತಾಳೆಗರಿಯ ಗ್ರಂಥಗಳಲ್ಲಿ ಉತ್ತರ ಹುಡುಕುವ ಪ್ರಾಣೇಶಾಚಾರ್ಯರು. ಕೊನೆಯ ಭಾಗದಲ್ಲಿ ಮಾಲೇರರ ಪುಟ್ಟನ ಹಿಂದೆ ಅಲೆಯುತ್ತ ಅವರು ಕಾಣುವ ಮೇಳಿಗೆಯ ಜಾತ್ರೆ, ಕೋಳಿ ಅಂಕ, ಜನರ ಗದ್ದಲ. ಲೇಖಕರ ಮಾತು ನಂಬಿದರೆ ಇವೆರಡೂ ಒಂದೇ ಕಾಲದ ಎರಡು ಮುಖಗಳಾಗಬೇಕು. ಆದರೆ ಆಚಾರ್ಯರ ಕಣ್ಣಿಗೆ ಜಾತ್ರೆ ಬೇರೆಯೇ ಲೋಕ, ಅವರಿಗೆ ಅಲ್ಲಿ ಕಾಲೂರಲು ಆಗುವುದಿಲ್ಲ. ಹಾಗಾದರೆ ಪ್ರಶ್ನೆ ಹೀಗೆ: ‘ಎರಡು ಕಾಲಗಳು ತನ್ನ ಊರಿನಲ್ಲಿ ಜತೆಯಾಗಿವೆ ಎನ್ನುತ್ತಾರೆ ಲೇಖಕರು. ಜಾತ್ರೆಯ ಭಾಗ ಓದಿದಾಗ ನಿಮಗೆ ಅವು ಜತೆಯಾಗಿ ಕಂಡವೇ, ಅಥವಾ ಒಂದನ್ನೊಂದು ಗುರುತಿಸದೆ ಪಕ್ಕದಲ್ಲಿದ್ದವೇ? ಪುಟ್ಟನಿಗೂ ಹಾಗೆಯೇ ಅನ್ನಿಸುತ್ತಿತ್ತೇ?’ ಕೊನೆಯ ಚಿಕ್ಕ ಪ್ರಶ್ನೆಯೇ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಪುಟ್ಟನಿಗೆ ಅಗ್ರಹಾರವೂ ಗೊತ್ತು, ಜಾತ್ರೆಯೂ ಗೊತ್ತು, ಅವನಿಗೆ ಎರಡರ ನಡುವೆ ಓಡಾಡಲು ಯಾವ ತೊಡಕೂ ಇಲ್ಲ. ಬಳಗದಲ್ಲಿ ಯಾರಾದರೂ ಇದನ್ನು ಹೇಳಿದರೆ ಚರ್ಚೆ ಆಚಾರ್ಯರನ್ನು ಬಿಟ್ಟು ಬೇರೆ ದಿಕ್ಕಿಗೆ ಹೊರಳುತ್ತದೆ.

ಬಾಲ್ಯದ ಪ್ಲೇಗಿನ ನೆನಪನ್ನು ಹಿಡಿದು ಬರೆಯುವ ಪ್ರಶ್ನೆ ಇನ್ನೂ ಗಟ್ಟಿ. ಕಾದಂಬರಿಯ ಕಥೆ ನಿಂತಿರುವುದೇ ಒಂದು ಹೆಣದ ಮೇಲೆ. ಆಚಾರ ಬಿಟ್ಟ ನಾರಣಪ್ಪ ಸತ್ತಿದ್ದಾನೆ, ಅವನ ಸಂಸ್ಕಾರ ಯಾರು ಮಾಡಬೇಕೆಂದು ಅಗ್ರಹಾರಕ್ಕೆ ತೀರ್ಮಾನ ಮಾಡಲಾಗುತ್ತಿಲ್ಲ. ಅದೇ ಹೊತ್ತಿಗೆ ದಲಿತರ ಕೇರಿಯಲ್ಲೂ ಜನ ಸಾಯುತ್ತಿದ್ದಾರೆ. ಅಲ್ಲಿ ಬೆಳ್ಳಿಯ ಅಪ್ಪ ಅಮ್ಮ ಸತ್ತಾಗ ಹೆಣಗಳ ಸಮೇತ ಗುಡಿಸಲಿಗೇ ಬೆಂಕಿ ಇಡುತ್ತಾರೆ. ಯಾರೂ ಗ್ರಂಥ ತೆಗೆಯುವುದಿಲ್ಲ, ಯಾರೂ ಮಠಕ್ಕೆ ಹೋಗುವುದಿಲ್ಲ. ಕಾದಂಬರಿ ಅಲ್ಲಿ ನಿಲ್ಲದೆ ಮತ್ತೆ ಅಗ್ರಹಾರಕ್ಕೆ ಮರಳುತ್ತದೆ. ನಾವು ಕೇಳಬಹುದಾದ್ದು: ‘ಪ್ಲೇಗನ್ನು ಬಾಲ್ಯದಲ್ಲಿ ಕಂಡಿದ್ದೆನೆಂದು ಲೇಖಕರು ನೆನೆಯುತ್ತಾರೆ. ಕೇರಿಯ ಸಾವುಗಳಿಗೆ ಕಾದಂಬರಿಯಲ್ಲಿ ಎಷ್ಟು ಪುಟ ಸಿಕ್ಕಿದೆ, ನಾರಣಪ್ಪನ ಸಾವಿಗೆ ಎಷ್ಟು? ಈ ಅಂತರ ಕಾದಂಬರಿಯ ಮಿತಿಯೋ, ಅಥವಾ ಅಗ್ರಹಾರದ ಕುರುಡನ್ನು ತೋರಿಸುವ ರೀತಿಯೋ?’ ಇದಕ್ಕೆ ಉತ್ತರ ಯಾವ ಸಂದರ್ಶನದಿಂದಲೂ ತೀರ್ಮಾನವಾಗುವುದಿಲ್ಲ. ಲೇಖಕರು ಎರಡನೆಯದೇ ತಮ್ಮ ಉದ್ದೇಶ ಎಂದು ಹೇಳಿದ್ದರೂ ಕೂಡ. ಉದ್ದೇಶ ಪುಟದ ಮೇಲೆ ನೆರವೇರಿದೆಯೇ ಎಂದು ನೋಡುವ ಹಕ್ಕು ಓದಿದವರಿಗೆ ಇದ್ದೇ ಇರುತ್ತದೆ.

ಸಂದರ್ಶನದಲ್ಲಿ ಬಾರದೇ ಇದ್ದದ್ದರ ಬಗ್ಗೆಯೂ ಒಂದು ಪ್ರಶ್ನೆ ಬರೆಯುವುದು ಒಳ್ಳೆಯ ಅಭ್ಯಾಸ. ಹಾಳೆಯನ್ನು ಮುಂದಿಟ್ಟುಕೊಂಡು ಕಾದಂಬರಿಯ ಪಾತ್ರಗಳ ಹೆಸರನ್ನು ಪಕ್ಕದಲ್ಲಿ ಬರೆದು, ಯಾರ ಹೆಸರು ಎಷ್ಟು ಸಲ ಬಂತೆಂದು ಗೀಟು ಹಾಕಿ ನೋಡಬೇಕು. ಪ್ರಾಣೇಶಾಚಾರ್ಯರ ಹೆಸರಿನ ಮುಂದೆ ಇಪ್ಪತ್ತು ಗೀಟು, ಚಂದ್ರಿಯ ಮುಂದೆ ಒಂದೋ ಎರಡೋ ಇದ್ದರೆ ಅದೇ ಒಂದು ಸಂಗತಿ. ಯಾಕೆಂದರೆ ಅಗ್ರಹಾರವಿಡೀ ಕಂಗೆಟ್ಟು ಕೂತ ಪ್ರಶ್ನೆಯನ್ನು ಕಾದಂಬರಿಯಲ್ಲಿ ಬಗೆಹರಿಸುವವಳು ಚಂದ್ರಿ. ಕೊಳೆಯುತ್ತಿರುವ ಹೆಣವನ್ನು ನೋಡಲಾರದೆ ಅವಳು ರಾತ್ರಿ ಗಾಡಿಯವನೊಬ್ಬನನ್ನು ಕೇಳುತ್ತಾಳೆ, ಅವನು ಹೆದರಿ ಒಲ್ಲೆನೆನ್ನುತ್ತಾನೆ. ಆಮೇಲೆ ಮೀನಿನ ವ್ಯಾಪಾರದ ಅಹಮದ್ ಬ್ಯಾರಿಯನ್ನು ಕರೆತರುತ್ತಾಳೆ. ಅವನು ಗಾಡಿಯಲ್ಲಿ ಹೆಣ ಸಾಗಿಸಿ ಸುಟ್ಟುಬಿಡುತ್ತಾನೆ. ಇದು ಬ್ರಾಹ್ಮಣರಿಗೆ ಗೊತ್ತಿಲ್ಲ. ಅವರು ಪರಿಹಾರ ಹುಡುಕಿಕೊಂಡು ಊರಿಂದೂರಿಗೆ, ಮಠಕ್ಕೆ ಅಲೆಯುತ್ತಲೇ ಇರುತ್ತಾರೆ. ಓದುವ ನಮಗೆ ಮಾತ್ರ ಗೊತ್ತು. ‘ಪುಸ್ತಕದ ಹೆಸರಾಗಿರುವ ಕೆಲಸವನ್ನು ಮಾಡಿ ಮುಗಿಸಿದ ಇಬ್ಬರ ಬಗ್ಗೆ ಈ ಸಂದರ್ಶನದಲ್ಲಿ ಮಾತು ಬರಲಿಲ್ಲ. ಕಾದಂಬರಿಯೂ ಅವರನ್ನು ಅಲ್ಲಿಗೇ ಬಿಡುತ್ತದೆಯೇ?’ ಇದು ನಾನು ಬರೆಯುವ ಪ್ರಶ್ನೆ. ಒಂದು ಎಚ್ಚರ ಬೇಕು: ಮಾತು ಬರಲಿಲ್ಲ ಎಂದರೆ ಲೇಖಕರಿಗೆ ಮುಖ್ಯವಲ್ಲ ಎಂದಲ್ಲ, ಯಾರೂ ಕೇಳದೇ ಇದ್ದಿರಬಹುದು. ಮತ್ತೆ ಆ ನಡುವಿನ ಕಾಲಮ್ಮೇ ಇದನ್ನು ಹೇಳುತ್ತದೆ.

ಇಷ್ಟಾದ ಮೇಲೆ ಪುಟ ಹೇಗಿರುತ್ತದೆ? ಮೇಲೆ ಪುಸ್ತಕದ ಹೆಸರು, ಬಂದ ವರ್ಷ, ಸಂದರ್ಶನದ ವರ್ಷ, ಸಂದರ್ಶಕರ ಹೆಸರು, ಒಟ್ಟು ಎಷ್ಟು ನಿಮಿಷ. ಕೆಳಗೆ ಮೂರು ವಿಚಾರಗಳು, ಒಂದೊಂದೂ ನಾಲ್ಕೈದು ಸಾಲಿನಲ್ಲಿ, ಒಂದೊಂದರ ಕೊನೆಯಲ್ಲಿ ಅದು ಬರುವ ನಿಮಿಷ. ಅಕ್ಷರಶಃ ತೆಗೆದ ಮಾತು ಒಂದೋ ಎರಡೋ. ಆಮೇಲೆ ಐದಾರು ಪ್ರಶ್ನೆಗಳು, ಪಕ್ಕದಲ್ಲಿ ಪುಸ್ತಕದ ಪುಟಸಂಖ್ಯೆ. ಬೇರೆ ಬೇರೆ ಮುದ್ರಣಗಳಲ್ಲಿ ಪುಟ ಹೊಂದುವುದಿಲ್ಲ, ಹಾಗಾಗಿ ‘ಎರಡನೆಯ ಭಾಗದ ಆರಂಭ’ ಎಂಬಂತೆ ಜಾಗವನ್ನೂ ಹೇಳಿದರೆ ಅನುಕೂಲ. ನಿಮಿಷಗಳನ್ನು ಕೊಡುವುದು ಅಲಂಕಾರಕ್ಕಲ್ಲ. ಸಾರ ಬರೆದವರ ಮೇಲೆ ಅನುಮಾನ ಬಂದವರು ನೇರ ಅಲ್ಲಿಗೆ ಹೋಗಿ ಅರ್ಧ ನಿಮಿಷದಲ್ಲಿ ಕೇಳಿ ನೋಡಬಹುದು.

ಆ ಅನುಮಾನವನ್ನು ಮೊದಲೇ ಒಬ್ಬರಿಂದ ಕೇಳಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಬಳಗದ ಇನ್ನೊಬ್ಬರು ಪುಟವನ್ನು ಕೈಯಲ್ಲಿಟ್ಟುಕೊಂಡು ಆ ಮೂರು ನಾಲ್ಕು ಜಾಗಗಳನ್ನು ಮಾತ್ರ ಕೇಳಿದರೆ ಸಾಕು, ಕಾಲು ಗಂಟೆಯ ಕೆಲಸ. ಹೆಸರುಗಳನ್ನು ತಪ್ಪಾಗಿ ಕೇಳಿಸಿಕೊಂಡದ್ದು, ಸಂದರ್ಶಕರ ಮಾತು ಲೇಖಕರ ಬಾಯಿಗೆ ಹೋದದ್ದು, ನಗುತ್ತಾ ಹೇಳಿದ್ದು ಗಂಭೀರವಾಗಿ ಬರೆದದ್ದು ಆಗ ಸಿಕ್ಕಿಬೀಳುತ್ತದೆ. ಮೂರನೆಯದು ಬರೆದವರಿಗೆ ತಾವಾಗಿ ಕಾಣುವುದೇ ಇಲ್ಲ, ಯಾಕೆಂದರೆ ಅವರ ಕಿವಿಯಲ್ಲಿ ಆ ನಗು ಇನ್ನೂ ಇರುತ್ತದೆ, ಹಾಳೆಯ ಮೇಲೆ ಇರುವುದಿಲ್ಲ.

ರೆಕಾರ್ಡಿಂಗ್ ಬಳಗವೇ ಮಾಡಿಕೊಂಡದ್ದಾದರೆ, ಅಂದರೆ ಲೇಖಕರು ಬಂದು ಕೂತು ಮಾತಾಡಿದ್ದನ್ನು ಫೋನಿನಲ್ಲಿ ಹಿಡಿದದ್ದಾದರೆ, ಟಿಪ್ಪಣಿಯನ್ನು ಹಂಚುವ ಮೊದಲು ಅವರಿಗೆ ತೋರಿಸಬೇಕು. ಮನೆಮಂದಿಯ ನಡುವೆ ಕೂತ ಹಾಗೆ ಸಮಕಾಲೀನರ ಬಗ್ಗೆಯೋ ಮನೆಯವರ ಬಗ್ಗೆಯೋ ಆಡಿದ ಮಾತು ಹಾಳೆಗೆ ಬಂದರೆ ಅವರಿಗೆ ನೋವಾಗುತ್ತದೆ, ಮುಂದೆ ಯಾವ ಬಳಗದಲ್ಲೂ ಅವರು ಬಾಯಿ ಬಿಟ್ಟು ಮಾತಾಡುವುದಿಲ್ಲ. ಅವರು ತಿದ್ದಿ ಕೊಟ್ಟರೆ ತಿದ್ದಿದ್ದನ್ನೇ ಇಟ್ಟುಕೊಂಡು, ‘ಲೇಖಕರು ನೋಡಿ ತಿದ್ದಿದ್ದಾರೆ’ ಎಂದು ಬರೆಯಬೇಕು. ಅಮೆರಿಕದ ‘ಪ್ಯಾರಿಸ್ ರಿವ್ಯೂ’ 1953ರ ತನ್ನ ಮೊದಲ ಸಂಚಿಕೆಯಿಂದ ಪ್ರಕಟಿಸುತ್ತ ಬಂದಿರುವ ಪ್ರಸಿದ್ಧ ಲೇಖಕ ಸಂದರ್ಶನಗಳಲ್ಲಿ ಅನೇಕವನ್ನು ಲೇಖಕರೇ ತಿದ್ದಿ ತೀಡಿದ್ದಾರೆ. ಅಂಥ ಅಚ್ಚಿನ ಸಂದರ್ಶನವನ್ನು ಹಸಿ ಮಾತಿನಂತೆ ಓದಬಾರದು, ಹಸಿ ಮಾತನ್ನು ಅಚ್ಚಿನ ಮಾತಿನಷ್ಟು ಬಿಗಿಯಾಗಿ ಹಿಡಿಯಲೂಬಾರದು.

ಇನ್ನು ಪುಟವನ್ನು ಯಾವಾಗ ಕೊಡಬೇಕು ಎಂಬುದು. ವಾರ ಮೊದಲೇ ವಾಟ್ಸಾಪಿನಲ್ಲಿ ಕಳಿಸಿಬಿಡುವುದು ವಾಡಿಕೆ. ನಾನು ಅದಕ್ಕೆ ವಿರೋಧಿ. ಲೇಖಕರು ಏನು ಹೇಳಿದ್ದಾರೆಂದು ಮೊದಲೇ ತಿಳಿದರೆ ಸಂಕೋಚದವರು ತಮಗೆ ಅನ್ನಿಸಿದ್ದನ್ನು ನುಂಗಿಕೊಳ್ಳುತ್ತಾರೆ. ಮೊದಲ ಅರ್ಧ ಗಂಟೆ ಪುಸ್ತಕದ ಮೇಲೆ ಎಲ್ಲರ ಮಾತಾಗಲಿ. ಆಮೇಲೆ ಪುಟ ಹಂಚಿ, ರೆಕಾರ್ಡಿಂಗ್‌ನಿಂದ ಎರಡು ಮೂರು ನಿಮಿಷ ಎಲ್ಲರಿಗೂ ಕೇಳಿಸಬಹುದು. ಕೇಳಿಸಲು ಆರಿಸುವ ಜಾಗ ಲೇಖಕರು ನಿರರ್ಗಳವಾಗಿ ಮಾತಾಡಿದ ಜಾಗವಾಗಿರಬೇಕಿಲ್ಲ. ಅದರ ಸಾರ ಪುಟದಲ್ಲಿ ಹೇಗೂ ಇದೆ. ಅವರು ತಡವರಿಸಿದ, ಹೇಳಿದ್ದನ್ನು ಅರ್ಧಕ್ಕೆ ಬಿಟ್ಟು ಬೇರೆ ಥರ ಹೇಳಲು ಹೋದ ಜಾಗ ಹೆಚ್ಚು ಉಪಯುಕ್ತ. ಬರಹಕ್ಕೆ ಇಳಿಸಲು ಆಗದೇ ಉಳಿದದ್ದು ಅದೇ, ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂದು ಬಳಗವೇ ಹೇಳಲಿ.

ಪ್ರಶ್ನೆಗಳನ್ನು ಬರೆದ ಸಾಲಿನಲ್ಲೇ ಕೇಳಬೇಕೆಂದಿಲ್ಲ. ಮಾತು ತಾನಾಗಿ ಚಂದ್ರಿಯ ಕಡೆಗೆ ಹೋಗಿದ್ದರೆ ಆ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುವುದು. ಹೊತ್ತಾಗಿಹೋಗಿ ಇಪ್ಪತ್ತೇ ನಿಮಿಷ ಉಳಿದಿದ್ದರೆ ಬರ್ಮಿಂಗ್‌ಹ್ಯಾಮ್, ಬರ್ಗ್‌ಮನ್ ಎರಡನ್ನೂ ಬಿಟ್ಟುಬಿಡಬಹುದು. ಎಲ್ಲರೂ ಪುಸ್ತಕ ತೆರೆದು ಬೆಳ್ಳಿಯ ಗುಡಿಸಲು ಉರಿಯುವ ಪುಟಕ್ಕೆ ಹೋಗಿ, ಯಾರಾದರೂ ಒಬ್ಬರು ಅದನ್ನು ಗಟ್ಟಿಯಾಗಿ ಓದಲಿ. ಆ ಒಂದು ಪ್ರಶ್ನೆಗೆ ಇಪ್ಪತ್ತು ನಿಮಿಷ ಸಾಲುವುದಿಲ್ಲ.